ಪುಟ ಬೇಗ ಮೂಡಲಿ, ಅಲುಗದೆ ನಿಲ್ಲಲಿ

ಜಾಲಪುಟವೊಂದು ಓದುಗರ ಮೊಬೈಲಿನಲ್ಲಿ ಹೇಗೆ ತೆರೆದುಕೊಳ್ಳುತ್ತದೆ ಎಂಬುದನ್ನು ಅಳೆಯಲು ಗೂಗಲ್ 2020ರಲ್ಲಿ ಪ್ರಕಟಿಸಿದ ಮಾನದಂಡಗಳಿಗೆ ಕೋರ್ ವೆಬ್ ವೈಟಲ್ಸ್ ಎಂದು ಹೆಸರು. ಇವು ಮೂರು. ಒಂದು, ಬೆರಳು ಮುಟ್ಟಿದಾಗ ಪುಟ ಎಷ್ಟು ಬೇಗ ಓಗೊಡುತ್ತದೆ ಎಂಬುದನ್ನು ನೋಡುತ್ತದೆ. ಉಳಿದೆರಡು, ಪುಟ ಎಷ್ಟು ಬೇಗ ಮೂಡುತ್ತದೆ ಮತ್ತು ಮೂಡಿದ ಮೇಲೆ ಎಷ್ಟು ಅಲುಗುತ್ತದೆ ಎಂಬುದನ್ನು ಅಳೆಯುತ್ತವೆ.

ಮೂಡುವ ವೇಗದ ಅಳತೆಯೇ ಲಾರ್ಜೆಸ್ಟ್ ಕಂಟೆಂಟ್‌ಫುಲ್ ಪೇಂಟ್, ಚಿಕ್ಕದಾಗಿ ಎಲ್‌ಸಿಪಿ. ಪುಟ ತೆರೆಯತೊಡಗಿದ ಕ್ಷಣದಿಂದ, ಪರದೆಯಲ್ಲಿ ಕಾಣುವ ಅತಿ ದೊಡ್ಡ ಚಿತ್ರ ಅಥವಾ ಬರಹದ ಭಾಗ ಮೂಡುವವರೆಗಿನ ಸಮಯ ಇದು. 2.5 ಸೆಕೆಂಡಿನೊಳಗಿದ್ದರೆ ಉತ್ತಮ, 4 ಸೆಕೆಂಡ್ ಮೀರಿದರೆ ಕಳಪೆ.

ಜಾತ್ರೆಯ ಸುದ್ದಿಯ ಪುಟವೊಂದರಲ್ಲಿ ರಥದ ದೊಡ್ಡ ಚಿತ್ರವಿದೆ ಎಂದುಕೊಳ್ಳೋಣ. ಸರ್ವರ್ ಉತ್ತರಿಸಲು 0.8 ಸೆಕೆಂಡ್ ಬೇಕು. ಚಿತ್ರವನ್ನು ಕೇಳಿ ಪಡೆಯಬೇಕೆಂದು ಬ್ರೌಸರ್‌ಗೆ ತಿಳಿಯುವ ಹೊತ್ತಿಗೆ ಇನ್ನೂ 1.8 ಸೆಕೆಂಡ್ ಕಳೆಯುತ್ತದೆ. ಚಿತ್ರ ಇಳಿಯಲು 1.3, ಪರದೆಗೆ ಬರಲು 0.3. ಒಟ್ಟು 4.2 ಸೆಕೆಂಡ್. ಇಂಥಲ್ಲಿ ಹಲವರು ಮೊದಲು ಚಿತ್ರದ ತೂಕ ಇಳಿಸುತ್ತಾರೆ. ಇಳಿಯುವ ಸಮಯ 0.7ಕ್ಕೆ ಬಂದರೂ ಒಟ್ಟು 3.6 ಆಗಿಯೇ ಉಳಿಯುತ್ತದೆ. ನಿಜವಾದ ನಷ್ಟ ಆ 1.8 ಸೆಕೆಂಡಿನ ಕಾಯುವಿಕೆಯಲ್ಲಿದೆ. ಚಿತ್ರವನ್ನು ಸ್ಕ್ರಿಪ್ಟ್ ಮೂಲಕ ತರಿಸುವುದು, ಮೇಲ್ಭಾಗದ ಚಿತ್ರಕ್ಕೂ `loading="lazy"` ಹಾಕುವುದು ಇದಕ್ಕೆ ಸಾಮಾನ್ಯ ಕಾರಣಗಳು. ಚಿತ್ರವನ್ನು ನೇರವಾಗಿ ಎಚ್‌ಟಿಎಂಎಲ್‌ನಲ್ಲೇ ಬರೆದು, ಅದಕ್ಕೆ ಆದ್ಯತೆ ಕೊಡಬೇಕು:

```html
<img src="ratha.webp" width="720" height="480"
     fetchpriority="high" alt="ರಥೋತ್ಸವ">
```

ಕಾಯುವಿಕೆ 0.2 ಸೆಕೆಂಡಿಗೆ ಇಳಿದರೆ, ತೂಕ ಇಳಿಸಿದ ಲಾಭವೂ ಸೇರಿ ಒಟ್ಟು 2 ಸೆಕೆಂಡ್ ಆಗುತ್ತದೆ.

ಅಲುಗಾಟದ ಅಳತೆ ಕ್ಯುಮುಲೇಟಿವ್ ಲೇಔಟ್ ಶಿಫ್ಟ್, ಅಂದರೆ ಸಿಎಲ್‌ಎಸ್. ಇದಕ್ಕೆ ಸೆಕೆಂಡಿನ ಲೆಕ್ಕವಿಲ್ಲ. ಸರಿದ ಭಾಗಗಳು ಮೊದಲು ಮತ್ತು ಆಮೇಲೆ ಪರದೆಯ ಎಷ್ಟು ಪಾಲನ್ನು ಆವರಿಸಿದ್ದವು ಎಂಬುದನ್ನು, ಅವು ಸರಿದ ದೂರದ ಪಾಲಿನಿಂದ ಗುಣಿಸಬೇಕು. 640 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಶೀರ್ಷಿಕೆಯ ಕೆಳಗೆ 128 ಪಿಕ್ಸೆಲ್ಲಿನ ಜಾಹೀರಾತು ತಡವಾಗಿ ನುಗ್ಗಿತು ಎನ್ನೋಣ. ಪರದೆಯ 0.8 ಪಾಲು ತುಂಬಿದ್ದ ಸುದ್ದಿ 0.2 ಪಾಲು ಕೆಳಗೆ ಸರಿಯಿತು. ಗುಣಿಸಿದರೆ 0.16. ಉತ್ತಮ ಎನಿಸಲು 0.1 ಮೀರಬಾರದು, 0.25 ದಾಟಿದರೆ ಕಳಪೆ. ಓದುಗರು ಗುಂಡಿ ಒತ್ತಿದ ಅರ್ಧ ಸೆಕೆಂಡಿನೊಳಗೆ ಆಗುವ ಸರಿದಾಟ ಲೆಕ್ಕಕ್ಕಿಲ್ಲ, ಏಕೆಂದರೆ ಅದು ಅವರು ನಿರೀಕ್ಷಿಸಿದ ಬದಲಾವಣೆ.

ಪರಿಹಾರವೆಂದರೆ ತಡವಾಗಿ ಬರುವುದಕ್ಕೆ ಮೊದಲೇ ಜಾಗ ಕಾದಿರಿಸುವುದು. ಜಾಹೀರಾತಿನ ಚೌಕಕ್ಕೆ `min-height: 128px` ಎಂದು ಬರೆದರೆ ಸುದ್ದಿ ಕದಲುವುದಿಲ್ಲ. ಮೇಲಿನ ಕೋಡ್‌ನಲ್ಲಿರುವ `width`, `height` ಅಂಕಿಗಳ ಕೆಲಸವೂ ಇದೇ: ಚಿತ್ರ ಬರುವ ಮುನ್ನವೇ ಬ್ರೌಸರ್ ಅದರ ಉದ್ದಗಲದ ಅನುಪಾತ ತಿಳಿದು ಜಾಗ ಬಿಡುತ್ತದೆ.

ತಿದ್ದಿದ ಪುಟವನ್ನು ಕಚೇರಿಯ ವೇಗದ ಸಂಪರ್ಕದಲ್ಲಿ ಮಾತ್ರ ನೋಡಿ ತೀರ್ಪು ಕೊಡಲಾಗದು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ತೋರಿಸುವ ನಿಜ ಬಳಕೆದಾರರ ಅಂಕಿಗಳು ಹಿಂದಿನ 28 ದಿನಗಳವು. ಹಾಗಾಗಿ ಇಂದು ಮಾಡಿದ ತಿದ್ದುಪಡಿಯ ಪೂರ್ಣ ಫಲ ಅಲ್ಲಿ ಕಾಣಲು ನಾಲ್ಕು ವಾರ ಬೇಕು. ಪುಟಕ್ಕೆ ಬಂದ ನೂರು ಭೇಟಿಗಳಲ್ಲಿ ಕನಿಷ್ಠ 75 ಈ ಮಿತಿಯೊಳಗಿದ್ದರೆ ಮಾತ್ರ ಅದು ಉತ್ತಮ ಎನಿಸಿಕೊಳ್ಳುತ್ತದೆ.