ಎರೆಮಣ್ಣಿನ ಮೇಲೆ ಕಸದ ಗುಂಡಿ

ಏಪ್ರಿಲ್‌ನಲ್ಲಿ ಮಾನ್ವಿ ಕಡೆಯ ಎರೆಹೊಲಕ್ಕೆ ಇಳಿದರೆ ನೆಲ ಬಾಯಿಬಿಟ್ಟಿರುತ್ತದೆ. ಬಿರುಕಿನೊಳಗೆ ಕೈ ಇಳಿಯುತ್ತದೆ. ಮಳೆ ಬಿದ್ದ ಮೇಲೆ ಅದೇ ಮಣ್ಣು ಉಬ್ಬಿ, ಅಂಟಾಗಿ, ನೀರನ್ನು ಕೆಳಗೆ ಬಿಡುವುದಿಲ್ಲ. ಕೃಷ್ಣೆಯ ಕಡೆ ದೇವದುರ್ಗ, ತುಂಗಭದ್ರೆಯ ಕಡೆ ಮಾನ್ವಿ, ಅವುಗಳ ಜೊತೆಗೆ ರಾಯಚೂರು. ಈ ಊರುಗಳ ಕಸ ಹೂಳುವ ಗುಂಡಿಯ ವಿನ್ಯಾಸ ಮಣ್ಣಿನ ಈ ಎರಡು ಗುಣಗಳಿಂದಲೇ ಶುರುವಾಗಬೇಕು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತಳಕ್ಕೆ 90 ಸೆಂ.ಮೀ. ಜೇಡಿ, ಅದರ ಮೇಲೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಹಾಳೆ ಎಂದು ವಿಧಿಸಿದವು. ಜೇಡಿಯ ಅಡಿಯಿಂದ ಅಂತರ್ಜಲ ಕನಿಷ್ಠ 2 ಮೀಟರ್ ಕೆಳಗಿರಬೇಕು ಎಂದೂ ಹೇಳಿದವು. ಎರೆಮಣ್ಣು ಊರಲ್ಲೇ ಸಿಗುತ್ತದೆ, ಆದರೆ ಅದನ್ನು ತಂದು ಸುರಿದರೆ ಸಾಲದು. ಮರಂ ಅಥವಾ ಸ್ವಲ್ಪ ಸುಣ್ಣ ಬೆರೆಸಿ ಉಬ್ಬುವ ಗುಣ ತಗ್ಗಿಸಬೇಕು, ಹದವಾಗಿ ತೇವಗೊಳಿಸಿ ಗೇಣು ದಪ್ಪದ ಪದರಗಳಲ್ಲಿ ರೋಲರ್ ಹೊಡೆಯಬೇಕು. ಬೆರಕೆ ಎಷ್ಟು ಎಂಬುದನ್ನು ಪ್ರಯೋಗಾಲಯದಲ್ಲಿ ನೀರು ಜಿನುಗಿಸಿ ನೋಡಿದ ಮೇಲೆಯೇ ತೀರ್ಮಾನಿಸಬೇಕು. ಮುಗಿದ ಪದರವನ್ನು ನಾಲ್ಕು ದಿನ ಬಿಸಿಲಿಗೆ ಬಿಟ್ಟರೆ ಬಿರುಕು ಮೂಡುತ್ತದೆ. ಮೇಲೆ ಹಾಳೆ ಹಾಸಿಬಿಟ್ಟರೆ ಆ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಳೆಯೂ ರಾಯಚೂರಿನ ಬಿಸಿಲಿಗೆ ಹಿಗ್ಗಿ ಸುಕ್ಕುಗಟ್ಟುತ್ತದೆ. ಬೆಸುಗೆಗೆ ಮುಂಜಾನೆಯೇ ಒಳ್ಳೆಯ ಹೊತ್ತು. ಜೋಡು ಬೆಸುಗೆಯ ನಡುವಿನ ಸಂದಿಗೆ ಗಾಳಿ ತುಂಬಿ ಮಾಪಕ ನೋಡುತ್ತಾರೆ. ಒತ್ತಡ ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ.

ಒಂದು ಹೆಕ್ಟೇರ್ ಗುಂಡಿಯ ಲೆಕ್ಕ ನೋಡಿ. ಒಂದೇ ದಿನ 100 ಮಿ.ಮೀ. ಮಳೆ ಸುರಿದರೆ ಅದರೊಳಗೆ ಬೀಳುವುದು 10 ಲಕ್ಷ ಲೀಟರ್. ಕಸ ತಾಗಿದ ನೀರೆಲ್ಲ ಕೊಳೆನೀರೇ. ಹಾಗಾಗಿ ನಡುವೆ ಮಣ್ಣಿನ ಒಡ್ಡು ಹಾಕಿ, ಕಸ ತುಂಬದ ಅರ್ಧದ ಮಳೆನೀರನ್ನು ಬೇರೆಯಾಗಿಯೇ ಹೊರಹಾಕುವುದು ಜಾಣತನ. ಕಸದ ಅರ್ಧದಲ್ಲಿ ಹಾಳೆಯ ಮೇಲೆ ದಪ್ಪ ಜವಳಿ ಹಾಸು, ಅದರ ಮೇಲೆ 30 ಸೆಂ.ಮೀ. ಜಲ್ಲಿ, ನಡುವೆ ತೂತಿನ ಪೈಪು, ನೂರು ಮೀಟರಿಗೆ ಎರಡು ಮೀಟರ್ ಇಳಿಜಾರು, ತುದಿಯಲ್ಲಿ ಬಾವಿ ಮತ್ತು ಪಂಪು. ಹಾಸು ಇಲ್ಲದಿದ್ದರೆ ಒಡೆದ ಜಲ್ಲಿಯ ಮೂಲೆ ಹಾಳೆಯನ್ನು ಚುಚ್ಚುತ್ತದೆ. ಸುಣ್ಣದ ಕಲ್ಲಿನ ಜಲ್ಲಿ ಬೇಡ, ಆಮ್ಲೀಯ ಕೊಳೆನೀರಿಗೆ ಅದು ಕರಗುತ್ತದೆ. ಇಲ್ಲಿನ ಗ್ರಾನೈಟ್ ಜಲ್ಲಿಯೇ ಸರಿ. ವರ್ಷಗಳು ಕಳೆದಂತೆ ಪೈಪಿನಲ್ಲಿ ಲೋಳೆ, ಸುಣ್ಣದ ಪದರ ಕಟ್ಟುತ್ತದೆ. ತುದಿಗಳನ್ನು ನೆಲದ ಮೇಲಕ್ಕೆ ತಂದಿದ್ದರೆ ಮಾತ್ರ ನೀರು ಬಿಟ್ಟು ತೊಳೆಯಬಹುದು. ಮಳೆ ನಿಂತ ಮೇಲೆ ಬಾವಿಗೆ ನೀರು ಬರುವುದು ತಟ್ಟನೆ ಕಡಿಮೆಯಾಯಿತೆಂದು ಸಮಾಧಾನಪಡುವಂತಿಲ್ಲ. ನೀರು ಕಸದೊಳಗೇ ನಿಂತಿರಬಹುದು, ನೀರು ಕುಡಿದ ಕಸ ಜಾರಲೂಬಹುದು. 2019ರ ಆಗಸ್ಟ್‌ನ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಪ್ರದೇಶದ ಮನೆ, ತೋಟಗಳನ್ನು ಮುಚ್ಚಿತು.

ಇನ್ನು ಅನಿಲ. ಗಾಳಿಯಿಲ್ಲದೆ ಕೊಳೆಯುವ ಕಸದ ಅನಿಲದಲ್ಲಿ ಸುಮಾರು ಅರ್ಧ ಮೀಥೇನ್. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತರೆ ಕಿಡಿಗೆ ಸಿಡಿಯುತ್ತದೆ. ಸಣ್ಣ ಪುರಸಭೆಗೆ, ಜಲ್ಲಿ ತುಂಬಿದ ಕುಳಿಗಳಲ್ಲಿ ತೂತಿನ ಪೈಪು ನಿಲ್ಲಿಸಿ ಮುಚ್ಚಿಗೆಯ ಮೇಲಕ್ಕೆ ಎತ್ತುವುದು ಕೈಗೆಟಕುವ ದಾರಿ. ಆ ಮುಚ್ಚಿಗೆಗೂ ಬರೀ ಎರೆಮಣ್ಣು ಹಾಕಿದರೆ ಬೇಸಿಗೆಯಲ್ಲಿ ಅನಿಲ ಪೈಪು ಬಿಟ್ಟು ಬಿರುಕನ್ನೇ ಹಿಡಿಯುತ್ತದೆ, ಮಳೆಗಾಲದ ಮೊದಲ ನೀರೂ ಅದೇ ಬಿರುಕಿನಲ್ಲಿ ಕಸಕ್ಕಿಳಿಯುತ್ತದೆ.