ತೊಗರಿಗೆ ಇಬ್ಬರು ಶತ್ರುಗಳು

ಕೃಷಿ ವಿದ್ಯಾರ್ಥಿಯ ವೈವಾದಲ್ಲಿ ‘ಬೆಳೆ ಪರಿವರ್ತನೆಯಿಂದ ಏನು ಲಾಭ?’ ಎಂದರೆ ‘ರೋಗ, ಕೀಟ ಎರಡೂ ಕಡಿಮೆಯಾಗುತ್ತವೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ: ‘ಯಾವ ರೋಗ, ಯಾವ ಕೀಟ?’ ಕಲಬುರಗಿಯ ತೊಗರಿ ಹೊಲ ನೋಡಿದವರಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಶತ್ರು ಎಲ್ಲಿ ವಾಸಿಸುತ್ತಾನೆ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಹೊಳೆಯುತ್ತದೆ.

ನೆಟೆ ರೋಗದ ಶಿಲೀಂಧ್ರ, ಫ್ಯುಸೇರಿಯಂ ಉಡಮ್, ಇರುವುದು ಮಣ್ಣಿನಲ್ಲಿ. ಹಳೆಯ ತೊಗರಿಯ ಬೇರು, ಕೂಳೆಗಳಲ್ಲಿ ಅದು ಕೆಲವು ವರ್ಷ ಬದುಕಿರುತ್ತದೆ. ಹೂ ಬಿಡುವ ಹೊತ್ತಿಗೆ ಅಲ್ಲಲ್ಲಿ ಗಿಡಗಳು ಬಾಡುತ್ತವೆ. ನೀರಿನ ಕೊರತೆಯೋ ರೋಗವೋ ಎಂಬ ಅನುಮಾನ ಬಂದರೆ ಕಾಂಡದ ಬುಡವನ್ನು ಉದ್ದಕ್ಕೆ ಸೀಳಬೇಕು. ತೊಗಟೆಯ ಕೆಳಗೆ ಕಂದು-ಕಪ್ಪು ಗೆರೆಗಳಿದ್ದರೆ ನೆಟೆಯೇ. ಅದೇ ಹೊಲದಲ್ಲಿ ಮತ್ತೆ ತೊಗರಿ ಹಾಕಿದರೆ ಶಿಲೀಂಧ್ರಕ್ಕೆ ಊಟ ಬಡಿಸಿದಂತೆ. ಎರಡು ಮೂರು ವರ್ಷ ಜೋಳ ಬಿತ್ತಿದರೆ ಅದರ ಪ್ರಮಾಣ ಇಳಿಯುತ್ತದೆ, ಪೂರ್ತಿ ಅಳಿಯುವುದಿಲ್ಲ. ಹಾಗಾಗಿ ರೋಗ ತಡೆಯುವ ತಳಿಯೂ ಜೊತೆಗೆ ಬೇಕು.

ಕಾಯಿಕೊರಕದ ಕಥೆಯೇ ಬೇರೆ. ಅದರ ಪತಂಗಕ್ಕೆ ರೆಕ್ಕೆ ಇದೆ. ಕಡಲೆ, ಹತ್ತಿ, ಟೊಮ್ಯಾಟೊ, ಜೋಳದ ತೆನೆ, ಯಾವುದಾದರೂ ಸರಿ. ನಿಮ್ಮ ಹೊಲದ ಬೆಳೆ ಬದಲಾದರೂ ಪಕ್ಕದ ಹೊಲದಿಂದ ಹಾರಿ ಬರುತ್ತದೆ. ಇಲ್ಲಿ ಬೇಕಾದದ್ದು ಸಮಗ್ರ ಕೀಟ ನಿರ್ವಹಣೆ. ಅದು ಶುರುವಾಗುವುದು ಸಿಂಪಡಣೆಯಿಂದಲ್ಲ, ಎಣಿಕೆಯಿಂದ.

ಎಕರೆಗೆ ಎರಡು ಮೋಹಕ ಬಲೆ ಹಾಕುತ್ತಾರೆ. ಅವುಗಳಲ್ಲಿ ಬೀಳುವುದು ಗಂಡು ಪತಂಗ ಮಾತ್ರ, ಹಾಗಾಗಿ ಬಲೆ ಸುದ್ದಿ ತರುತ್ತದೆಯೇ ಹೊರತು ಹುಳುವನ್ನು ನಿಲ್ಲಿಸುವುದಿಲ್ಲ. ಪತಂಗ ಹೆಚ್ಚತೊಡಗಿದರೆ ಮೊಗ್ಗಿನ ಹಂತದಿಂದಲೇ ಹೊಲಕ್ಕಿಳಿದು ಗಿಡ ನೋಡಬೇಕು. ಹೊಲದ ಐದು ಕಡೆ ನಾಲ್ಕು ನಾಲ್ಕರಂತೆ ಇಪ್ಪತ್ತು ಗಿಡ ನೋಡಿದಿರಿ, 25 ಹುಳು ಸಿಕ್ಕವು ಎನ್ನಿ. ಗಿಡಕ್ಕೆ ಒಂದೂಕಾಲು ಹುಳು. ಗಿಡಕ್ಕೆ ಒಂದು ಹುಳು ಎಂಬ ಆರ್ಥಿಕ ನಷ್ಟದ ಮಿತಿ ದಾಟಿದೆ, ಅಂದರೆ ಖರ್ಚು ಮಾಡುವ ಸಮಯ ಬಂದಿದೆ. ಹತ್ತು ಹುಳು ಮಾತ್ರ ಇದ್ದಿದ್ದರೆ ಕಾದು ನೋಡುವುದೇ ಸರಿ.

ಮುಂದಿನ ಹೆಜ್ಜೆ ಹುಳುವಿನ ಗಾತ್ರದ ಮೇಲೆ ನಿಂತಿದೆ. ಎಳೆಯ ಹುಳುಗಳಾದರೆ ಎನ್‌ಪಿವಿ ನಂಜಾಣು ದ್ರಾವಣ ಸಿಂಪಡಿಸಬಹುದು. ಬಿಸಿಲು ನಂಜಾಣುವನ್ನು ಕೆಡಿಸುವುದರಿಂದ ಸಂಜೆಯೇ ಸಿಂಪಡಿಸಬೇಕು, ಹುಳು ಸಾಯಲು ಕೆಲವು ದಿನ ಹಿಡಿಯುತ್ತದೆ. ಮರುದಿನವೇ ‘ಔಷಧ ನಾಟಲಿಲ್ಲ’ ಎಂದು ರಾಸಾಯನಿಕ ಹೊಡೆಯುವವರೇ ಹೆಚ್ಚು, ಅದು ಹುಳುವಿನ ಸಹಜ ಶತ್ರುಗಳನ್ನೂ ಕೊಲ್ಲುತ್ತದೆ. ಸತ್ತ ಹುಳು ಗಿಡದ ತುದಿಯಲ್ಲಿ ತಲೆ ಕೆಳಗಾಗಿ ಜೋತಿದ್ದರೆ ನಂಜಾಣು ಕೆಲಸ ಮಾಡಿದೆ. ಬಲಿತ ಹುಳುಗಳಿಗೆ ಇದು ಅಷ್ಟಾಗಿ ನಾಟದು. ಆಗ ಸಾಲುಗಳ ನಡುವೆ ತಾಡಪತ್ರಿ ಹಾಸಿ, ಗಿಡ ಅಲ್ಲಾಡಿಸಿ, ಬಿದ್ದವನ್ನು ಗೋರಿ ನಾಶ ಮಾಡುವ ರೂಢಿ ಈ ಭಾಗದಲ್ಲಿದೆ. ಕೂಲಿ ಸಿಗದ ಊರಲ್ಲಿ ಅದೂ ಕಷ್ಟವೇ.