ಮುಳ್ಳು ಹಿಂದಕ್ಕೆ ಹೊರಳಿದಾಗ

ಹಿಟ್ಟಿನ ಗಿರಣಿಯಲ್ಲಿರುವಂಥ 5 ಎಚ್‌ಪಿ ತ್ರೀ ಫೇಸ್ ಮೋಟಾರಿನೊಳಗೆ ಮೂರು ಸುರುಳಿಗಳು ಒಂದರ ಕೊನೆಗೆ ಇನ್ನೊಂದರ ಮೊದಲು ಸೇರಿ ತ್ರಿಕೋನವಾಗಿರುತ್ತವೆ. ಇದೇ ಡೆಲ್ಟಾ ಜೋಡಣೆ. ಸುರುಳಿಗಳ ಪವರನ್ನು ಬೇರೆ ಬೇರೆಯಾಗಿ ಅಳೆಯಲು ಹೊರಟರೆ ಆ ತ್ರಿಕೋನವನ್ನೇ ಬಿಚ್ಚಬೇಕಾಗುತ್ತದೆ. ಅದರ ಅಗತ್ಯವಿಲ್ಲ, ಮೋಟಾರಿಗೆ ಬರುವ ಮೂರು ತಂತಿಗಳ ಮೇಲೆ ಎರಡು ವಾಟ್‌ಮೀಟರ್ ಸಾಕು.

ಮೊದಲ ಮೀಟರಿನ ಕರೆಂಟ್ ಕಾಯಿಲನ್ನು ಬಿ ತಂತಿಯಲ್ಲಿ, ಎರಡನೆಯದರದ್ದನ್ನು ಆರ್ ತಂತಿಯಲ್ಲಿ ಸೇರಿಸಬೇಕು. ಎರಡರ ಪ್ರೆಷರ್ ಕಾಯಿಲಿನ ಒಂದು ತುದಿ ತಂತಮ್ಮ ತಂತಿಗೆ, ಇನ್ನೊಂದು ತುದಿ ಮೀಟರಿಲ್ಲದ ವೈ ತಂತಿಗೆ. ನ್ಯೂಟ್ರಲ್ ಇಲ್ಲದ ಕಾರಣ ಮೂರು ತಂತಿಗಳ ಕರೆಂಟು ಕೂಡಿದರೆ ಪ್ರತಿ ಕ್ಷಣವೂ ಸೊನ್ನೆ. ಹಾಗಾಗಿ ಮೂರನೆಯದರ ಲೆಕ್ಕ ಮೊದಲೆರಡರಲ್ಲೇ ಅಡಗಿರುತ್ತದೆ. ಫ್ರಾನ್ಸಿನ ಆಂದ್ರೆ ಬ್ಲೊಂಡೆಲ್ 1893ರಲ್ಲಿ ಮುಂದಿಟ್ಟ ಪ್ರಮೇಯ ಇದೇ: ತಂತಿಗಳ ಸಂಖ್ಯೆಗಿಂತ ಒಂದು ಮೀಟರ್ ಕಡಿಮೆ ಸಾಕು.

415 ವೋಲ್ಟಿನಲ್ಲಿ ಈ ಮೋಟಾರು ಹೊರೆ ಹೊತ್ತು 7 ಆಂಪಿಯರ್ ಎಳೆಯುತ್ತಿದೆ, ಮೀಟರುಗಳು 2884 ಮತ್ತು 1141 ವಾಟ್ ತೋರಿಸುತ್ತಿವೆ ಎಂದುಕೊಳ್ಳಿ. ಕೂಡಿದರೆ 4025 ವಾಟ್. ಅದೇ ಒಟ್ಟು ಪವರ್. ಪವರ್ ಫ್ಯಾಕ್ಟರಿಗೂ ಇವೆರಡೇ ಅಂಕಿ ಸಾಕು:

tan φ = √3 × (W1 − W2) ÷ (W1 + W2)

ಇಲ್ಲಿ tan φ ಸುಮಾರು 0.75, φ ಸುಮಾರು 37 ಡಿಗ್ರಿ, ಅದರ ಕೊಸೈನ್ 0.8. ಒಟ್ಟು ಪವರಿನ ಲೆಕ್ಕ ಮೂರು ಫೇಸುಗಳ ಹೊರೆ ಏರುಪೇರಾಗಿದ್ದರೂ ಸರಿಯೇ. ಆದರೆ ಈ ಸೂತ್ರ ನಂಬಬೇಕಾದರೆ ಹೊರೆ ಸಮವಾಗಿರಬೇಕು.

ಈಗ ಬೆಲ್ಟ್ ಕಳಚಿ ಮೋಟಾರನ್ನು ಖಾಲಿ ಓಡಿಸಿದರೆ 3 ಆಂಪಿಯರ್ ಹರಿಯುತ್ತದೆ ಎನ್ನಿ. ಅದರ ಬಹುಪಾಲು ಕಬ್ಬಿಣದಲ್ಲಿ ಕಾಂತಕ್ಷೇತ್ರ ಹುಟ್ಟಿಸಲು ಹೋಗುವುದರಿಂದ ಪವರ್ ಫ್ಯಾಕ್ಟರ್ 0.2ರ ಆಸುಪಾಸಿಗೆ ಇಳಿಯುತ್ತದೆ. ಮೊದಲ ಮೀಟರ್ 825 ತೋರಿಸುತ್ತದೆ, ಎರಡನೆಯದರ ಮುಳ್ಳು ಸೊನ್ನೆಗಿಂತ ಹಿಂದಕ್ಕೆ ಹೊರಳುತ್ತದೆ. ಮೀಟರ್ ಕೆಟ್ಟಿಲ್ಲ. ಅದು ನೋಡುವ ವೋಲ್ಟೇಜಿಗೂ ಕರೆಂಟಿಗೂ ನಡುವಿನ ಕೋನ 30 + φ. ಪವರ್ ಫ್ಯಾಕ್ಟರ್ 0.5 ಇದ್ದಾಗ ಆ ಕೋನ ಸರಿಯಾಗಿ 90 ಆಗಿ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ಇನ್ನೂ ಇಳಿದರೆ ಓದು ಋಣವಾಗುತ್ತದೆ.

ಆಗ ಸಪ್ಲೈ ಆಫ್ ಮಾಡಿ ಆ ಮೀಟರಿನ ಪ್ರೆಷರ್ ಕಾಯಿಲಿನ ತುದಿಗಳನ್ನು ಅದಲುಬದಲು ಮಾಡಿದರೆ ಮುಳ್ಳು 395ಕ್ಕೆ ಏರುತ್ತದೆ. ಬರೆಯಬೇಕಾದದ್ದು ಮಾತ್ರ ಮೈನಸ್ 395. ಹಾಗೆ ಬರೆದರೆ ಒಟ್ಟು 430 ವಾಟ್, ಪವರ್ ಫ್ಯಾಕ್ಟರ್ 0.2. ಮೈನಸ್ ಮರೆತರೆ 1220 ವಾಟ್, ಪವರ್ ಫ್ಯಾಕ್ಟರ್ 0.85! ಖಾಲಿ ಓಡುವ ಮೋಟಾರಿಗೆ ಅಷ್ಟು ಒಳ್ಳೆಯ ಪವರ್ ಫ್ಯಾಕ್ಟರ್ ಬಂದರೆ ಚಿಹ್ನೆಯನ್ನೇ ಮೊದಲು ಅನುಮಾನಿಸಬೇಕು.

ಯಾರೋ ಜೋಡಿಸಿಟ್ಟ ಮೀಟರಿನಲ್ಲೂ ಇದನ್ನು ಪರೀಕ್ಷಿಸಬಹುದು. ಕಡಿಮೆ ತೋರಿಸುವ ಮೀಟರಿನ ಪ್ರೆಷರ್ ಕಾಯಿಲಿನಿಂದ ವೈ ತಂತಿಗೆ ಹೋದ ತುದಿಯನ್ನು, ಸಪ್ಲೈ ಆಫ್ ಮಾಡಿ, ಬಿ ತಂತಿಗೆ ಬದಲಿಸಿ ಮತ್ತೆ ಓಡಿಸಿ. ಮುಳ್ಳು ಮುಂದಕ್ಕೇ ಹೋದರೆ ಹಿಂದಿನ ಓದು ಧನ, ಹಿಂದಕ್ಕೆ ಬಡಿದರೆ ಋಣ.